ಹಸು ಬತ್ತಿದ ಎರಡು ತಿಂಗಳಿಗೆ ಆಪತ್ತಿನ ಗಂಟು ಎಷ್ಟಿರಬೇಕು?



ಕೆಂಗೇರಿ ಕಡೆಯ ಎರಡು ಹಸುಗಳ ಒಂದು ಮನೆಯ ಲೆಕ್ಕವನ್ನು ಇಲ್ಲಿ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ತಾವು ತಮ್ಮ ಹಾಲಿನ ಪುಸ್ತಕ ನೋಡಿ ಬದಲಿಸಿಕೊಳ್ಳಬಹುದು. ಹಸುವಿಗೆ 12 ಲೀಟರಿನಂತೆ ದಿನಕ್ಕೆ 24 ಲೀಟರ್ ಹಾಲು, ಲೀಟರಿಗೆ 35 ರೂಪಾಯಿ ಎಂದರೆ ತಿಂಗಳ ಬಟವಾಡೆ 25,200 ರೂಪಾಯಿ. ಹಿಂಡಿ, ಬೂಸಾ, ಮೇವಿಗೆ 10,000, ಮನೆ ಖರ್ಚಿಗೆ 11,000 ಹೋದರೆ 4,200 ಉಳಿಯುತ್ತದೆ. ಈ ಉಳಿಕೆಯನ್ನು ಷೇರು ಪೇಟೆಯ ಮ್ಯೂಚುವಲ್ ಫಂಡಿಗೆ ಹಾಕಿ ಎಂದು ಹೇಳುವವರು ಈಗ ಊರೂರಿನಲ್ಲೂ ಇದ್ದಾರೆ.

ಆದರೆ ಕರು ಹಾಕುವ ಮೊದಲು ಸುಮಾರು 60 ದಿನ ಹಸುವಿನ ಹಾಲು ಬತ್ತಿಸಲೇಬೇಕು. ಬತ್ತಿದ ಹಸುವಿಗೂ ಮೇವು ಬೇಕು. ಆಗ ಬಟವಾಡೆ 12,600ಕ್ಕೆ ಇಳಿದು ತಿಂಗಳಿಗೆ 8,400ರಂತೆ ಎರಡು ತಿಂಗಳಿಗೆ 16,800 ಕಡಿಮೆ ಬೀಳುತ್ತದೆ. ಇದು ಮೊದಲೇ ಗೊತ್ತಿರುವ ಖರ್ಚು. ಅದೇ ಹೊತ್ತಿಗೆ ಇನ್ನೊಂದು ಹಸುವಿಗೆ ಕೆಚ್ಚಲು ಬಾವು ಬಂದರೆ? ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದ ದಿನದವರೆಗೆ ಡೈರಿಗೆ ಹಾಕುವಂತಿಲ್ಲ. 15 ದಿನ ನಿಂತರೆ 6,300 ಹೋಯಿತು, ಚಿಕಿತ್ಸೆಗೆ 3,000 ಹಿಡಿಯಿರಿ. ಒಟ್ಟು 26,100. ರಾಸು ವಿಮೆ ಸಾಮಾನ್ಯವಾಗಿ ಹಸು ಸತ್ತರೆ ಸಿಗುವಂಥದ್ದು, ಇದಕ್ಕೆ ಬರುವುದಿಲ್ಲ.

ಗಂಟು ಇಲ್ಲದ ಮನೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಸಾಲ ತರುತ್ತದೆ. ಅದು ವರ್ಷಕ್ಕೆ 36. ಅಷ್ಟು ಲಾಭವನ್ನು ಖಚಿತವಾಗಿ ಕೊಡುವ ಹೂಡಿಕೆ ಯಾವುದೂ ಇಲ್ಲ. ಇನ್ನು ಕೆಲವರು ಗಬ್ಬದ ಹಸುವನ್ನೇ ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಮುಂದಿನ ಸೂಲಿನ ಹಾಲೂ ಅದರೊಂದಿಗೇ ಹೋಗುತ್ತದೆ.

ಆದ್ದರಿಂದ ಮೊದಲ ಆರೇಳು ತಿಂಗಳ ಉಳಿಕೆ ಈ ಗಂಟಿಗೇ ಸೇರಲಿ. ಒಂದು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿರಲಿ. ಮಿಕ್ಕದ್ದನ್ನು ಬ್ಯಾಂಕಿನಲ್ಲಿ ಸಣ್ಣ ಸಣ್ಣ ಠೇವಣಿಗಳಾಗಿ ಇಡಿ, ಬೇಕಾದಷ್ಟನ್ನೇ ಮುರಿಸಿದರೆ ಬಡ್ಡಿ ಕಡಿಮೆಯಾದರೂ ಅಸಲು ಉಳಿಯುತ್ತದೆ.

ಷೇರು ಪೇಟೆಯಲ್ಲಿ ಈ ಭರವಸೆ ಇಲ್ಲ. 2020ರ ಜನವರಿ ಮಧ್ಯದಲ್ಲಿ ಸೆನ್ಸೆಕ್ಸ್ ಸುಮಾರು 41,900ರಲ್ಲಿತ್ತು; ಮಾರ್ಚ್ 23ರಂದು 25,981ಕ್ಕೆ ಬಿತ್ತು. ಸೂಚ್ಯಂಕದ ಜೊತೆಗೇ ಏರಿಳಿಯುವ ಫಂಡಿನಲ್ಲಿ 30,000 ಇಟ್ಟವರಿಗೆ ಆ ದಿನ ಉಳಿದದ್ದು 18,600ರ ಆಸುಪಾಸು. ನವೆಂಬರಿನಲ್ಲಿ ಸೂಚ್ಯಂಕ ಹಿಂದಿನ ಮಟ್ಟಕ್ಕೆ ಬಂತು ನಿಜ. ಕಾದವರಿಗೆ ಹಣ ಮರಳಿತು. ಲಾಕ್‌ಡೌನ್‌ನಲ್ಲಿ ಮನೆಯ ಇನ್ನೊಂದು ಸಂಪಾದನೆಯೂ ನಿಂತು ಮಾರಲೇಬೇಕಾದವರಿಗೆ ಮಾತ್ರ ನಷ್ಟ ಕಾಯಂ ಆಯಿತು. ಪೇಟೆ ಬೀಳುವ ಕಾಲಕ್ಕೇ ಮನೆಯ ಸಂಪಾದನೆಯೂ ನಿಲ್ಲಬಹುದು ಎಂಬುದನ್ನು ಏಜೆಂಟರು ಹೇಳುವುದು ಅಪರೂಪ.

ಜೂನ್ ತಿಂಗಳ ಶಾಲಾ ಶುಲ್ಕ, ಮುಂದಿನ ವರ್ಷ ಹಸು ಕೊಳ್ಳಲು ಕೂಡಿಟ್ಟ ಹಣ, ಮದುವೆಯ ಹಣ, ಇವಕ್ಕೂ ಇದೇ ಲೆಕ್ಕ. ಐದಾರು ವರ್ಷದೊಳಗೆ ಬೇಕಾಗುವುದು ಬ್ಯಾಂಕಿನಲ್ಲೇ ಇರಲಿ. ಬೆಲೆ ಏರಿಕೆಯಿಂದ ಅದರ ಬೆಲೆ ತುಸು ಸವೆಯುತ್ತದೆ, ಹಾಗಾಗಿ ಗಂಟನ್ನು ಅಗತ್ಯಕ್ಕಿಂತ ದೊಡ್ಡದು ಮಾಡಬೇಕಿಲ್ಲ. ಅದು ತುಂಬಿದ ಮೇಲೆ ಉಳಿಯುವ 4,200ರಲ್ಲಿ ಬಹುಕಾಲ ಮುಟ್ಟದ ಭಾಗವನ್ನು ಪೇಟೆಗೆ ಹಾಕಬಹುದು. ಗಂಟಿನಿಂದ ತೆಗೆದ ತಿಂಗಳಿನಿಂದ ಆ ಕಂತು ನಿಲ್ಲಿಸಿ, ಮೊದಲು ಗಂಟನ್ನೇ ತುಂಬಿಸಿ.