ಸಿಮ್ ಬಂತು, ಓಟಿಪಿ ಬರಲಿಲ್ಲ

ಆ ಶನಿವಾರ ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ನನ್ನ ಫೋನು ಹೋಯಿತು. ಸೀಟು ಹಿಡಿದು ಕೂತು ಬ್ಯಾಗಿಗೆ ಕೈ ಹಾಕಿದಾಗಲೇ ಗೊತ್ತಾಗಿದ್ದು. ಪಕ್ಕದಲ್ಲಿದ್ದ ಹುಡುಗಿಯ ಫೋನಿನಿಂದ ನನ್ನ ನಂಬರಿಗೆ ಮಾಡಿದೆ. ಎರಡು ಸಲ ರಿಂಗಾಯಿತು, ಮೂರನೆಯ ಸಲ ಸ್ವಿಚ್ ಆಫ್.

ಮೊದಲಿಗೆ ನನಗಿದ್ದ ಧೈರ್ಯವೆಂದರೆ ಫೋನಿಗೆ ಬೆರಳಚ್ಚಿನ ಲಾಕ್ ಇದೆ ಎಂಬುದು. ಆ ಧೈರ್ಯ ತಪ್ಪು. ಲಾಕ್ ಕಾಯುವುದು ಫೋನನ್ನು, ಸಿಮ್ಮನ್ನಲ್ಲ. ಪಿನ್ ಹಾಕಿರದ ಸಿಮ್ಮನ್ನು ತೆಗೆದು ಬೇರೆ ಫೋನಿಗೆ ತೂರಿಸಿದರೆ ಅದು ಯಾರನ್ನೂ ಏನೂ ಕೇಳುವುದಿಲ್ಲ. ನನಗೆ ಬರಬೇಕಾದ ಓಟಿಪಿಗಳೆಲ್ಲ ಅಲ್ಲಿಗೆ ಬರುತ್ತವೆ. ಅದೇ ಬ್ಯಾಗಿನ ಪರ್ಸಿನಲ್ಲಿ ಡೆಬಿಟ್ ಕಾರ್ಡೂ ಇತ್ತು, ಅದೂ ಹೋಗಿತ್ತು. ಕಾರ್ಡಿನ ಕೊನೆಯ ಆರು ಅಂಕೆ, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಜೊತೆಗೆ ಸಿಮ್ಮಿಗೆ ಬರುವ ಓಟಿಪಿ, ಇಷ್ಟಿದ್ದರೆ ಕೆಲವು ಬ್ಯಾಂಕುಗಳಲ್ಲಿ ಹೊಸ ಫೋನಿನಲ್ಲಿ ಯುಪಿಐ ಪಿನ್ ಹೊಸದಾಗಿ ಮಾಡಿಕೊಳ್ಳಬಹುದು. ಪರ್ಸು ಮತ್ತು ಫೋನು ಒಂದೇ ಕೈಗೆ ಸಿಕ್ಕರೆ ಈ ಮೂರೂ ಆ ಕೈಯಲ್ಲೇ ಇರುತ್ತವೆ.

ಆದ್ದರಿಂದ ಮೊದಲು ಸಾಯಬೇಕಾದದ್ದು ಹಳೆಯ ಸಿಮ್. ಬಸ್ಸಿಳಿದು, ನಮ್ಮದೇ ಕಂಪನಿಯ ಸಿಮ್ ಇದ್ದ ಇನ್ನೊಬ್ಬರ ಫೋನಿನಿಂದ 198ಕ್ಕೆ ಮಾಡಿದೆ. ಸಿಮ್ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ನನ್ನ ಹೆಸರು ಹೇಳಿದೆ. "ಇಲ್ಲ ಮೇಡಂ, ಬೇರೆ ಹೆಸರು ತೋರಿಸ್ತಿದೆ" ಎಂದರು. ಆಗ ನೆನಪಾಯಿತು, ನಾನು ಓದುತ್ತಿದ್ದ ಕಾಲಕ್ಕೆ ಆ ಸಿಮ್ ಕೊಡಿಸಿದ್ದು ಅಣ್ಣ, ಅವನ ದಾಖಲೆ ಕೊಟ್ಟು. ಅವನ ಹೆಸರು, ಹುಟ್ಟಿದ ದಿನ, ಕೊನೆಯ ರೀಚಾರ್ಜಿನ ಮೊತ್ತ ಹೇಳಿದ ಮೇಲೆ ಬ್ಲಾಕ್ ಮಾಡಿದರು.

ಎರಡನೆಯ ಕರೆ ಬ್ಯಾಂಕಿಗೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಡೂಪ್ಲಿಕೇಟ್ ಸಿಮ್ ಬರಲಿ, ಆಮೇಲೆ ಪಾಸ್‌ವರ್ಡ್ ಬದಲಾಯಿಸೋಣ ಎಂದು ಕಾಯುತ್ತಾರೆ. ಖಾತೆ ನಿಲ್ಲಿಸುವುದಕ್ಕೆ ಸಿಮ್ ಬೇಕಿಲ್ಲ. ಮನೆಯಲ್ಲಿದ್ದ ಪಾಸ್‌ಬುಕ್ಕಿನಿಂದ ಖಾತೆ ಸಂಖ್ಯೆ ಓದಿಸಿಕೊಂಡು, ಬ್ಯಾಂಕಿನ ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿಗೆ ಕರೆ ಮಾಡಿ, ಕಾರ್ಡು, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿ ಎಂದು ಹೇಳಿದೆ. ಕಾರ್ಡು ನಿಂತರೆ ಯುಪಿಐ ತಾನಾಗಿ ನಿಲ್ಲುವುದಿಲ್ಲ, ಅದನ್ನು ಬಿಡಿಸಿ ಹೇಳಬೇಕು. ದೂರಿನ ಸಂಖ್ಯೆ ಬರೆದುಕೊಂಡೆ, ಎಷ್ಟು ಗಂಟೆಗೆ ಹೇಳಿದೆ ಎಂಬುದನ್ನೂ ಬರೆದುಕೊಂಡೆ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ಅನಧಿಕೃತ ವ್ಯವಹಾರದ ನಷ್ಟ ಬ್ಯಾಂಕಿನದು. ಆ ಸಂಖ್ಯೆ, ಆ ಸಮಯ ನಮ್ಮ ಕೈಯಲ್ಲಿರುವ ಪುರಾವೆ. ಹಣ ಆಗಲೇ ಹೋಗಿದ್ದರೆ 1930ಕ್ಕೂ ಕೂಡಲೇ ಕರೆ ಮಾಡಬೇಕು. ನನ್ನ ಖಾತೆಯಲ್ಲಿ ಹಣ ಹಾಗೇ ಇತ್ತು.

ಭಾನುವಾರ ಬೆಳಿಗ್ಗೆ ಡೂಪ್ಲಿಕೇಟ್ ಸಿಮ್ ಕೇಳಲು ಅಂಗಡಿಗೆ ಹೋದರೆ, ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಆಧಾರ್ ಸಮೇತ ಬರಬೇಕು ಎಂದರು. ಅಣ್ಣ ಇರುವುದು ಶಿವಮೊಗ್ಗದಲ್ಲಿ. ಪುಣ್ಯಕ್ಕೆ ಇಡೀ ಕರ್ನಾಟಕ ಒಂದೇ ಟೆಲಿಕಾಂ ವಲಯ, ಅವನು ಅಲ್ಲಿಯೇ ತೆಗೆದುಕೊಳ್ಳಬಹುದಿತ್ತು. ನಾನು ಪೊಲೀಸರ ಕೆಎಸ್‌ಪಿ ಆ್ಯಪಿನ ಇ-ಲಾಸ್ಟ್‌ನಲ್ಲಿ ದಾಖಲಿಸಿದ್ದ ದೂರಿನ ಪ್ರತಿಯನ್ನು ಅವನಿಗೆ ಕಳಿಸಿದೆ. ಅವನು ಹೋಗಿ ಬೆರಳಚ್ಚು ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಹೊಸ ಸಿಮ್ ಅವನ ಹಳೆಯ ಫೋನಿನಲ್ಲಿ ಜೀವ ಪಡೆಯಿತು.

"ಸಿಗ್ನಲ್ ಬಂತು ಕಣೇ, ಈಗ ಓಟಿಪಿ ಕಳ್ಸು" ಎಂದ. ಕಳಿಸಿದೆ. ಬರಲಿಲ್ಲ. ಮತ್ತೆ ಕಳಿಸಿದೆ. ಬರಲಿಲ್ಲ. ಸಿಮ್ಮೇ ಕೆಟ್ಟಿದೆ ಎಂದುಕೊಂಡು ಅವನು ಅಂಗಡಿಗೆ ವಾಪಸು ಹೊರಟಿದ್ದ.

ಸಿಮ್ ಸರಿಯಾಗಿಯೇ ಇತ್ತು. ದೂರಸಂಪರ್ಕ ಇಲಾಖೆಯ ನಿಯಮದಂತೆ, ಸಿಮ್ ಬದಲಾದ ಮೇಲೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕರೆ ಬರುತ್ತದೆ, ಇಂಟರ್ನೆಟ್ ಬರುತ್ತದೆ, ಎಸ್ಸೆಮ್ಮೆಸ್ ಮಾತ್ರ ಇಲ್ಲ. ಯಾರೋ ನಮ್ಮ ಹೆಸರಿನಲ್ಲಿ ಮೋಸದಿಂದ ಡೂಪ್ಲಿಕೇಟ್ ತೆಗೆದರೆ ತಕ್ಷಣ ಓಟಿಪಿ ಪಡೆದು ಖಾತೆ ಬರಿದು ಮಾಡದಿರಲಿ ಎಂದು ಈ ತಡೆ. ನಿಮ್ಮ ಕೈಯಲ್ಲಿರುವ ಫೋನಿನ ಸಿಗ್ನಲ್ ಇದ್ದಕ್ಕಿದ್ದಂತೆ ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಇದನ್ನು ನೆನಪಿಸಿಕೊಳ್ಳಿ, ಆ 24 ಗಂಟೆ ನಿಮಗೆ ಸಿಕ್ಕಿರುವ ಕಾಲಾವಕಾಶ. ನಿಯಮ ಒಳ್ಳೆಯದೇ. ಆದರೆ ಸಿಮ್ ಕೊಡುವವರು ಇದನ್ನು ಒಂದು ಮಾತಿನಲ್ಲಿ ಹೇಳಬೇಕಿತ್ತು.

ಹಾಗಾದರೆ ಆ ದಿನವಿಡೀ ಏನು ಮಾಡುವುದು? ಕರೆಯ ಮೂಲಕ ಕೋಡ್ ಕೊಡುವ ಖಾತೆಗಳನ್ನು ಮೊದಲು ಹಿಡಿಯುವುದು. ನಾನು ಇಮೇಲಿನಿಂದ ಶುರು ಮಾಡಿದೆ. ಬೇರೆ ಎಷ್ಟೋ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಕೊಂಡಿ ಬರುವುದು ಇಮೇಲಿಗೇ, ಅದು ಕೈತಪ್ಪಿದರೆ ಉಳಿದವೂ ಹಿಂದೆಯೇ ಹೋಗುತ್ತವೆ. ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಕೊಟ್ಟರೆ, 'ನಿಮ್ಮ ಫೋನಿನಲ್ಲಿ ಹೌದು ಒತ್ತಿ' ಎಂದಿತು. ಆ ಫೋನೇ ಕಳೆದಿದೆ. ಬೇರೆ ದಾರಿ ನೋಡುವ ಆಯ್ಕೆ ಒತ್ತಿ, ಕರೆಯಲ್ಲಿ ಕೋಡ್ ಕೊಡುವುದನ್ನು ಆರಿಸಿದೆ. ಶಿವಮೊಗ್ಗದಲ್ಲಿ ಅಣ್ಣನ ಕೈಯಲ್ಲಿದ್ದ ಫೋನು ರಿಂಗಾಯಿತು, ಅವನು ಅಂಕೆಗಳನ್ನು ನನಗೆ ಓದಿ ಹೇಳಿದ. ಒಳಗೆ ಹೋದವಳೇ ಪಾಸ್‌ವರ್ಡ್ ಬದಲಿಸಿ, ಸಾಧನಗಳ ಪಟ್ಟಿಯಿಂದ ಕಳೆದ ಫೋನನ್ನು ತೆಗೆದುಹಾಕಿದೆ. ಯಾರೂ ನನ್ನ ಮೇಲ್ ಬೇರೆ ವಿಳಾಸಕ್ಕೆ ಹೋಗುವಂತೆ ಮಾಡಿಲ್ಲ ಎಂಬುದನ್ನೂ ನೋಡಿಕೊಂಡೆ.

ಆಮೇಲೆ ವಾಟ್ಸ್ಆ್ಯಪ್. ಅದಕ್ಕೂ ಕರೆಯಲ್ಲಿ ಕೋಡ್ ಬರುತ್ತದೆ. ನಾವು ಹೊಸದಾಗಿ ನೋಂದಾಯಿಸಿದ ಕ್ಷಣ ಹಳೆಯ ಫೋನಿನಲ್ಲಿ ಅದು ಮುಚ್ಚಿಹೋಗುತ್ತದೆ. ನಮ್ಮ ಹೆಸರಿನಲ್ಲಿ ಚಿಕ್ಕಮ್ಮನ ಹತ್ತಿರ ಹಣ ಕೇಳುವವರು ಬಳಸುವುದು ಇದನ್ನೇ, ಹಾಗಾಗಿ ಒಳಗೆ ಹೋದ ತಕ್ಷಣ ಆರಂಕಿಯ ಎರಡು ಹಂತದ ಪಿನ್ ಹಾಕಿದೆ.

ಸೋಮವಾರ ಮಧ್ಯಾಹ್ನ ಎಸ್ಸೆಮ್ಮೆಸ್ ಬರತೊಡಗಿತು. ಅಷ್ಟರಲ್ಲಿ ಸಿಮ್ಮೂ ಊರಿನವರೊಬ್ಬರ ಕೈಯಲ್ಲಿ ಬೆಂಗಳೂರಿಗೆ ಬಂದಿತ್ತು. ಆಗ ಬ್ಯಾಂಕಿನ ಶಾಖೆಗೆ ಹೋಗಿ ಹೊಸ ಕಾರ್ಡಿಗೆ ಅರ್ಜಿ ಕೊಟ್ಟು, ಖಾತೆಯ ಮೂರು ದಿನದ ವಿವರ ನೋಡಿ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಿಸಿದೆ. ಯುಪಿಐಯನ್ನು ಕೊನೆಗೆ ಇಟ್ಟುಕೊಂಡೆ. ಹೊಸ ಫೋನಿನಲ್ಲಿ ಅದು ಶುರುವಾಗಬೇಕಾದರೆ ನಮ್ಮ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಹೋಗಬೇಕು, 24 ಗಂಟೆಯೊಳಗೆ ಎಷ್ಟು ಸಲ ಪ್ರಯತ್ನಿಸಿದರೂ ಆಗುವುದಿಲ್ಲ. ಕಳೆದ ಫೋನನ್ನೇ ನಿಷ್ಪ್ರಯೋಜಕ ಮಾಡುವ ceir.gov.in ಅರ್ಜಿಗೂ ಓಟಿಪಿ ಬೇಕು, ಅದನ್ನೂ ಅಂದೇ ತುಂಬಿದೆ. ಪೊಲೀಸ್ ದೂರಿನ ಪ್ರತಿ ಮತ್ತು ಐಎಂಇಐ ಸಂಖ್ಯೆ ಕೇಳುತ್ತಾರೆ. ನನಗದು ಫೋನಿನ ಡಬ್ಬದ ಮೇಲೆ ಸಿಕ್ಕಿತು. ಫೋನು ಕೈಯಲ್ಲಿರುವಾಗಲೇ *#06# ಒತ್ತಿ ಬರೆದಿಟ್ಟುಕೊಂಡರೆ ಡಬ್ಬ ಹುಡುಕಬೇಕಿಲ್ಲ.

ಈಗ ನನ್ನ ಸಿಮ್ಮಿಗೆ ಪಿನ್ ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಎಂದಿರುತ್ತದೆ. ಮೊದಲಿನಿಂದ ಇರುವ ಪಿನ್ ಯಾವುದೆಂದು ಕಂಪನಿಯವರನ್ನು ಕೇಳಿಕೊಂಡೇ ಮುಟ್ಟಿ, ಮೂರು ಸಲ ತಪ್ಪಿದರೆ ಸಿಮ್ ಮುಚ್ಚಿಕೊಂಡು ಪಿಯುಕೆ ಕೇಳುತ್ತದೆ. ಅಣ್ಣನೂ ನಾನೂ ಒಟ್ಟಿಗೆ ಅಂಗಡಿಗೆ ಹೋಗಿ ನಂಬರನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆವು.

ನಿಮ್ಮ ಮನೆಯಲ್ಲೂ ಅಮ್ಮನ ಸಿಮ್ ಮಗನ ಹೆಸರಿನಲ್ಲಿ, ಹೆಂಡತಿಯ ಸಿಮ್ ಗಂಡನ ಹೆಸರಿನಲ್ಲಿ ಇರಬಹುದು. ಬ್ಯಾಂಕಿಗೆ ಕೊಟ್ಟ ನಂಬರು ಯಾರ ಹೆಸರಿನಲ್ಲಿದೆ ಎಂದು ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ.