ಕೇಸು ಬಾಕಿ ಇರುವಾಗ ಲೆಕ್ಕ ಮುಗಿಸುವುದು ಹೇಗೆ?

ವ್ಯಾಜ್ಯ ನಡೆಯುತ್ತಿರುವ ಕಂಪನಿಯ ಲೆಕ್ಕಪತ್ರ ಆಡಿಟರ ಕೈಗೆ ಹೋದಾಗ ವಕೀಲರಿಂದ ಒಂದು ದೃಢೀಕರಣ ಪತ್ರ ಬೇಕೆಂದು ಅವರು ಕೇಳುತ್ತಾರೆ. ಬಹಳ ಮಾಲೀಕರು ವಕೀಲರಿಗೆ ಫೋನ್ ಮಾಡಿ, ‘ನಮ್ಮ ಕೇಸು ಬಲವಾಗಿದೆ’ ಎಂಬ ಎರಡು ಸಾಲು ಬರೆಸಿ ತಂದುಕೊಡುತ್ತಾರೆ. ಆ ಎರಡು ಸಾಲಿನಿಂದ ಲೆಕ್ಕಕ್ಕೆ ಏನೂ ಉಪಯೋಗವಿಲ್ಲ.

ಲೆಕ್ಕಪರಿಶೋಧನೆಯ ಮಾನದಂಡ ಎಸ್‌ಎ 501 ಹೇಳುವ ಕ್ರಮ ಬೇರೆ. ಪತ್ರವನ್ನು ಸಿದ್ಧಪಡಿಸುವುದು ಕಂಪನಿ, ಕಳಿಸುವುದು ಆಡಿಟರು, ವಕೀಲರ ಉತ್ತರ ಹೋಗಬೇಕಾದದ್ದು ನೇರ ಆಡಿಟರಿಗೆ. ನಡುವೆ ಕಂಪನಿಯ ಕೈ ಇರಬಾರದು. ಕಂಪನಿಯ ಪತ್ರವೇ ಏಕೆ ಬೇಕೆಂದರೆ, ಕಕ್ಷಿದಾರರ ವಿಷಯವನ್ನು ವಕೀಲರು ಅವರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಹೇಳುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಂ ಈ ಗೌಪ್ಯತೆಯನ್ನು ಕಾಯುತ್ತದೆ. ಪತ್ರದಲ್ಲಿ ಕಂಪನಿ ತನಗೆ ಗೊತ್ತಿರುವ ಪ್ರತಿ ಕೇಸನ್ನೂ ಅದರ ಫಲದ ಬಗೆಗಿನ ತನ್ನ ಅಂದಾಜನ್ನೂ ಬೀಳಬಹುದಾದ ಮೊತ್ತವನ್ನೂ ಬರೆದು, ‘ಈ ಅಂದಾಜು ಸರಿಯೇ? ಬಿಟ್ಟುಹೋದದ್ದು ಇದೆಯೇ?’ ಎಂದು ಕೇಳಬೇಕು.

ಒಂದು ಕಲ್ಪಿತ ಉದಾಹರಣೆ ನೋಡೋಣ. ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಪಡೆದಿದ್ದ 40 ಲಕ್ಷ ರೂಪಾಯಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು ಜಿಎಸ್‌ಟಿ ಅಧಿಕಾರಿ ತಳ್ಳಿಹಾಕಿದ್ದಾರೆ. ಲೆಕ್ಕದ ವರ್ಷ ಮುಗಿಯುವ ಹೊತ್ತಿಗೆ ಶೇ 18ರಂತೆ ಎರಡು ವರ್ಷದ ಬಡ್ಡಿ 14.40 ಲಕ್ಷ, ವಂಚನೆಯ ಆರೋಪವಿಲ್ಲದ್ದರಿಂದ ದಂಡ ಶೇ 10, ಅಂದರೆ 4 ಲಕ್ಷ. ಒಟ್ಟು 58.40 ಲಕ್ಷ. ವಿವಾದಿತ ತೆರಿಗೆಯ ಶೇ 10ರಂತೆ 4 ಲಕ್ಷ ಕಟ್ಟಿ ಕಂಪನಿ ಮೇಲ್ಮನವಿ ಹಾಕಿದೆ.

‘ಅಪೀಲು ಹಾಕಿದ್ದೇವಲ್ಲ, ಸದ್ಯಕ್ಕೆ ಸಾಲವೇ ಇಲ್ಲ’ ಎನ್ನುವುದು ತಪ್ಪು. ಬೇಡಿಕೆಯನ್ನು ಇಡಿಯಾಗಿ ನೋಡದೆ ಬಿಡಿಸಿ ನೋಡಬೇಕು. ವಕೀಲರ ಉತ್ತರದ ಪ್ರಕಾರ 40 ಲಕ್ಷದಲ್ಲಿ 12 ಲಕ್ಷ ನಿರ್ದೇಶಕರ ಓಡಾಟದ ಕಾರುಗಳದ್ದು. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ ಇದಕ್ಕೆ ಕ್ರೆಡಿಟ್ ಕೊಡುವುದೇ ಇಲ್ಲ, ಸೋಲುವ ಸಂಭವವೇ ಹೆಚ್ಚು. ಉಳಿದ 28 ಲಕ್ಷ, ಮಾಲು ಕೊಟ್ಟವರು ರಿಟರ್ನ್ ಸಲ್ಲಿಸದ ಕಾರಣಕ್ಕೆ ನಿಂತದ್ದು. ಬಿಲ್ಲು, ಸಾಗಣೆ ದಾಖಲೆ, ಬ್ಯಾಂಕ್ ಪಾವತಿ ಎಲ್ಲ ಇವೆ. ಗೆಲುವಿನ ಸಂಭವ ಹೆಚ್ಚು, ಸೋಲಲೂಬಹುದು.

ಸೋಲುವ ಸಂಭವ ಗೆಲ್ಲುವುದಕ್ಕಿಂತ ಹೆಚ್ಚಿದ್ದು ಮೊತ್ತವನ್ನೂ ಅಂದಾಜಿಸಬಹುದಾದರೆ, ಎಎಸ್ 29 ಎಂಬ ಲೆಕ್ಕದ ಮಾನದಂಡದಂತೆ ಪ್ರಾವಿಜನ್ ಮಾಡಲೇಬೇಕು. ಹೀಗೆ 12 ಲಕ್ಷಕ್ಕೆ ಬಡ್ಡಿ 4.32 ಲಕ್ಷ, ದಂಡ 1.20 ಲಕ್ಷ ಸೇರಿ 17.52 ಲಕ್ಷ ಈ ವರ್ಷದ ಲಾಭದಿಂದ ಕಳೆಯುತ್ತದೆ. ಉಳಿದ 40.88 ಲಕ್ಷ ಸಂಭಾವ್ಯ ಹೊಣೆ. ಅದು ಲಾಭವನ್ನು ಮುಟ್ಟದೆ, ವಿವರಣೆಯೊಂದಿಗೆ ಟಿಪ್ಪಣಿಯಲ್ಲಿ ಬರುತ್ತದೆ. ಸೋಲಿನ ಸಾಧ್ಯತೆ ತೀರಾ ದೂರವಿದ್ದರೆ ಮಾತ್ರ ಟಿಪ್ಪಣಿಯೂ ಬೇಡ. ಮೇಲ್ಮನವಿಗೆ ಕಟ್ಟಿದ 4 ಲಕ್ಷ ಖರ್ಚಲ್ಲ, ಠೇವಣಿ. ಅದನ್ನು ಆಸ್ತಿಯ ಕಡೆ ತೋರಿಸಬೇಕು.

ಪ್ರಾವಿಜನ್ ಮಾಡಿದರೆ ತಪ್ಪೊಪ್ಪಿಕೊಂಡಂತೆ ಎಂಬ ಅಂಜಿಕೆ ನಿರ್ದೇಶಕರಲ್ಲಿ ಸಾಮಾನ್ಯ. ಅದು ಲೆಕ್ಕದ ಅಂದಾಜು ಮಾತ್ರ. ಅಷ್ಟರಿಂದ ಮೇಲ್ಮನವಿಯ ಹಕ್ಕು ಹೋಗುವುದಿಲ್ಲ. ವಿವರ ಹೊರಬಿದ್ದರೆ ವಾದಕ್ಕೆ ತೀವ್ರ ಹಾನಿಯಾಗುವ ಅತಿ ಅಪರೂಪದ ಪ್ರಸಂಗದಲ್ಲಿ ಅಂಕಿಗಳನ್ನು ತಡೆಹಿಡಿಯಲು ಮಾನದಂಡವೇ ಅವಕಾಶ ಕೊಡುತ್ತದೆ. ಆಗಲೂ ವಿವಾದ ಎಂಥದ್ದು, ವಿವರ ಏಕೆ ಬಿಟ್ಟಿದೆ ಎಂಬುದನ್ನು ಹೇಳಲೇಬೇಕು.

ಕಷ್ಟ ಬರುವುದು ಪತ್ರದ ಪಟ್ಟಿಗೆ ಸೇರದ ಕೇಸುಗಳಿಂದ. ಅನುಭವಿ ಆಡಿಟರು ಮೊದಲು ತೆಗೆಯುವುದು ಕಾನೂನು ವೆಚ್ಚದ ಖಾತೆ. ಪಟ್ಟಿಯಲ್ಲಿ ಹೆಸರೇ ಇಲ್ಲದ ವಕೀಲರಿಗೆ ಶುಲ್ಕ ಹೋಗಿದ್ದರೆ ಏಕೆ ಎಂದು ಕೇಳುತ್ತಾರೆ. ಜೊತೆಗೆ ಮಂಡಳಿ ಸಭೆಯ ನಡಾವಳಿ, ಜಿಎಸ್‌ಟಿ ಮತ್ತು ಆದಾಯ ತೆರಿಗೆ ಪೋರ್ಟಲ್‌ಗಳಲ್ಲಿರುವ ನೋಟಿಸು, ಇ-ಕೋರ್ಟ್ಸ್ ತಾಣದಲ್ಲಿ ಕಂಪನಿಯ ಹೆಸರಿನ ಹುಡುಕಾಟ. ಇಷ್ಟನ್ನು ಕಂಪನಿಯೇ ಮೊದಲು ಮಾಡಿಕೊಂಡರೆ ಒಳ್ಳೆಯದು.

ವಕೀಲರ ಉತ್ತರದ ತಾರೀಕನ್ನೂ ನೋಡಬೇಕು. ಏಪ್ರಿಲ್‌ನಲ್ಲಿ ಉತ್ತರ ಬಂದು, ಆಡಿಟ್ ವರದಿಗೆ ಸೆಪ್ಟೆಂಬರ್‌ನಲ್ಲಿ ಸಹಿ ಬಿದ್ದರೆ ನಡುವಿನ ತಿಂಗಳುಗಳ ಸುದ್ದಿ ಇರುವುದಿಲ್ಲ. ಜುಲೈಯಲ್ಲಿ ಮೇಲ್ಮನವಿ ಸೋತಿದ್ದರೆ ಆ 28 ಲಕ್ಷದ ಅಂದಾಜನ್ನೇ ತಿದ್ದಬೇಕಾದೀತು. ಆದ್ದರಿಂದ ಸಹಿಗೆ ಮುನ್ನ ವಕೀಲರನ್ನು ಮತ್ತೊಮ್ಮೆ ಕೇಳುವುದು ಅಗತ್ಯ. ವಕೀಲರು ಉತ್ತರಿಸದಿದ್ದರೆ ಅಥವಾ ಕಂಪನಿ ಅನುಮತಿ ಕೊಡದಿದ್ದರೆ, ಬೇರೆ ದಾರಿಯಲ್ಲೂ ಸಾಕ್ಷ್ಯ ಸಿಗದಾಗ ಆಡಿಟರು ತಮ್ಮ ಅಭಿಪ್ರಾಯವನ್ನು ಮಾರ್ಪಡಿಸಬೇಕಾಗುತ್ತದೆ. ಅಂಥ ವರದಿ ಬ್ಯಾಂಕಿನವರ ಕಣ್ಣಿಗೆ ಬೀಳದೆ ಇರದು.

ಷೇರುದಾರರಾದವರು ವಾರ್ಷಿಕ ಸಭೆಗೆ ಮುನ್ನ ಬರುವ ಲೆಕ್ಕಪತ್ರದಲ್ಲಿ ‘ಸಾಲವೆಂದು ಒಪ್ಪಿಕೊಳ್ಳದ ಬೇಡಿಕೆಗಳು’ ಎಂಬ ಟಿಪ್ಪಣಿಯನ್ನು ಓದಬೇಕು. ಬಾಕಿ ವ್ಯಾಜ್ಯಗಳ ಪರಿಣಾಮವನ್ನು ಕಂಪನಿ ತಿಳಿಸಿದೆಯೇ ಎಂದು ಆಡಿಟರು ತಮ್ಮ ವರದಿಯಲ್ಲಿ ಹೇಳಬೇಕೆಂಬುದು 2014ರ ಆಡಿಟ್ ನಿಯಮಗಳ 11ನೇ ನಿಯಮ. ಎರಡೂ ಕಡೆಯ ಮಾತು ಹೊಂದದಿದ್ದರೆ ಸಭೆಯಲ್ಲೇ ಎದ್ದು ಕೇಳಬಹುದು.