ಚೀಟಿಯ ಲೆಕ್ಕವನ್ನು ಸಮಾಂತರ ಶ್ರೇಢಿಯಲ್ಲಿ ಕಲಿಸಿದ್ದು: ಎರಡು ಪಾಠಗಳ ಅನುಭವ

ಹತ್ತನೆಯ ತರಗತಿಯ ಗಣಿತದಲ್ಲಿ ಸಮಾಂತರ ಶ್ರೇಢಿಯ ಪದಗಳ ಮೊತ್ತವನ್ನು ಕಲಿಸುವುದು ನನ್ನ ಅಭ್ಯಾಸ ಬೋಧನೆಯ ಪಾಲಿಗೆ ಬಂದಿತ್ತು. ಮೊದಲ ಪಾಠ ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ, ಎರಡನೆಯದು ಮೂರು ವಾರದ ನಂತರ ನಮ್ಮೂರು ಬಸವಕಲ್ಯಾಣದಲ್ಲಿ. ಮಕ್ಕಳ ಮನೆಯ ಉಳಿತಾಯವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಸೂತ್ರಕ್ಕೆ ಜೀವ ಬರುತ್ತದೆಂದು ಯೋಜಿಸಿದ್ದೆ. ಮೊದಲ ಪಾಠ ಕೆಟ್ಟಿತು. ಕೆಟ್ಟದ್ದು ಏಕೆ, ಎರಡನೆಯದನ್ನು ಹೇಗೆ ಬದಲಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಮನಾಬಾದಿನಲ್ಲಿ ಕಪ್ಪುಹಲಗೆಯನ್ನು ಎರಡು ಭಾಗ ಮಾಡಿದ್ದೆ. ಎಡಗಡೆ ‘ಹಳೆಯ ರೂಢಿ’: ಬಂಗಾರ, ಚೀಟಿ, ಆರ್‌ಡಿ. ಬಲಗಡೆ ‘ಹೊಸ ದಾರಿ’: ಮ್ಯೂಚುವಲ್ ಫಂಡಿನ ಎಸ್‌ಐಪಿ, ಮೊಬೈಲಿನಲ್ಲಿ ಕೊಳ್ಳುವ ಡಿಜಿಟಲ್ ಚಿನ್ನ. ಪೀಠಿಕೆಯಲ್ಲೇ, “ಚೀಟಿಯಲ್ಲಿ ಹಣ ಹಾಕುವುದು ಅಪಾಯ” ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್, ನಮ್ಮವ್ವ ಚೀಟಿ ಎತ್ತೇ ಹೊಲಿಗಿ ಮಷಿನ್ ತಂದಾಳ್ರೀ. ಬ್ಯಾಂಕಿನವ್ರು ಕೊಟ್ಟಿದ್ದಿಲ್ರೀ.” ನನ್ನಲ್ಲಿ ಉತ್ತರವಿರಲಿಲ್ಲ. ಸೂತ್ರ ಬರೆದು ಎರಡು ಲೆಕ್ಕ ಮಾಡಿಸಿ ಪಾಠ ಮುಗಿಸಿದೆ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದಿದ್ದರು: “ತೀರ್ಪು ಮೊದಲು ಬಂತು, ಲೆಕ್ಕ ಆಮೇಲೆ ಬಂತು.”

ಹುಡುಗಿ ಹೇಳಿದ್ದರಲ್ಲಿ ಒಂದು ವಿಷಯ ಅಡಗಿತ್ತು. ಅವಳ ತಾಯಿಗೆ ಚೀಟಿ ಉಳಿತಾಯವಾಗಿರಲಿಲ್ಲ, ಸಾಲವಾಗಿತ್ತು. ಅದೇ ಚೀಟಿಯ ಕೊನೆಯ ಸದಸ್ಯೆಗೆ ಅದು ಉಳಿತಾಯ. ಒಂದೇ ಚೀಟಿ ಒಬ್ಬೊಬ್ಬರಿಗೆ ಒಂದೊಂದು ವಸ್ತುವಾಗಿರುವಾಗ ಅದನ್ನು ಆರ್‌ಡಿಯ ಪಕ್ಕ ಒಂದೇ ಸಾಲಿನಲ್ಲಿ ಬರೆದದ್ದೇ ನನ್ನ ತಪ್ಪು. ಹಾಗಾಗಿ ಬಸವಕಲ್ಯಾಣದ ಪಾಠಕ್ಕೆ ಹಲಗೆಯ ಮೇಲೆ ಒಂದೇ ಒಂದು ಚೀಟಿಯನ್ನು ಇಟ್ಟೆ. ಮರಾಠಿ ಮಾತಾಡುವ ಮನೆಯ ಮಕ್ಕಳು ಅದನ್ನು ‘ಭಿಶಿ’ ಎಂದರು. ಆ ಹೆಸರನ್ನೂ ಬರೆದೆ.

ಚೀಟಿ ಹೀಗಿದೆ. ಹತ್ತು ಜನ, ತಿಂಗಳಿಗೆ 1,000 ರೂಪಾಯಿ, ಹತ್ತು ತಿಂಗಳು. ಪ್ರತಿ ತಿಂಗಳು ಕೂಡುವ ಮೊತ್ತ 10,000. ಮೊದಲ ತಿಂಗಳ ಪೂರ್ತಿ ಹಣ ಚೀಟಿ ನಡೆಸುವವರದು. ಅದೇ ಅವರ ಕೂಲಿ. ಎರಡನೆಯ ತಿಂಗಳಿಂದ ಸವಾಲು. ಹಣದ ಅವಸರ ಇದ್ದವರು ಹೆಚ್ಚು ಬಿಟ್ಟುಕೊಟ್ಟು ಎತ್ತುತ್ತಾರೆ, ಬಿಟ್ಟ ಹಣವನ್ನು ಹತ್ತೂ ಜನ ಸಮನಾಗಿ ಹಂಚಿಕೊಳ್ಳುತ್ತಾರೆ. ದಿನ ಕಳೆದಂತೆ ಅವಸರ ಇದ್ದವರು ಕಡಿಮೆಯಾಗುವುದರಿಂದ ಬಿಡುವ ಮೊತ್ತವೂ ಇಳಿಯುತ್ತದೆ. ನಿಜವಾದ ಸವಾಲು ಇಷ್ಟು ನೇರವಾಗಿ ಇಳಿಯುವುದಿಲ್ಲ; ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ, ಮದುವೆಯ ದಿನಗಳಲ್ಲಿ ಏರುತ್ತದೆ, ತೊಗರಿಯ ಹಣ ಕೈಗೆ ಬಂದಾಗ ಬೀಳುತ್ತದೆ. ಪಾಠಕ್ಕಾಗಿ ಮಾತ್ರ ಎರಡನೆಯ ತಿಂಗಳು 1,600, ಮೂರನೆಯ ತಿಂಗಳು 1,400, ಹೀಗೆ 200ರಂತೆ ಇಳಿದು ಹತ್ತನೆಯ ತಿಂಗಳು ಸೊನ್ನೆ ಎಂದು ಇಟ್ಟುಕೊಂಡೆ. ಕೊನೆಗೆ ಒಬ್ಬರೇ ಉಳಿಯುವುದರಿಂದ ಸವಾಲು ಹಾಕುವವರೇ ಇರುವುದಿಲ್ಲ.

ಒಂಬತ್ತು ಪದಗಳು, ಮೊದಲ ಪದ 1,600, ಕೊನೆಯ ಪದ 0. ಮೊತ್ತ 9/2 × 1,600 = 7,200. ಇದನ್ನು ಹತ್ತು ಜನಕ್ಕೆ ಹಂಚಿದರೆ ತಲೆಗೆ 720. ಅಂದರೆ ಪ್ರತಿಯೊಬ್ಬರೂ ಹತ್ತು ತಿಂಗಳಲ್ಲಿ ಕಟ್ಟುವುದು 10,000 ಅಲ್ಲ, 9,280. ಈ ಹಂತದಲ್ಲಿ ಜಾಗ್ರತೆ ಬೇಕು. ನಾನು ಮನೆಯಲ್ಲಿ ಮೊದಲು ಲೆಕ್ಕ ಮಾಡಿದಾಗ ಹಂಚಿಕೆಯನ್ನು ಮರೆತು 10,000 ಎಂದೇ ಹಿಡಿದಿದ್ದೆ, ಎಲ್ಲ ಉತ್ತರಗಳೂ ತಪ್ಪಿದ್ದವು.

ನಂತರ ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದು ತಿಂಗಳು ಕೊಟ್ಟೆ. ‘ನಿನಗೆ ಬಂದದ್ದೆಷ್ಟು, ಕಟ್ಟಿದ್ದೆಷ್ಟು’ ಎಂದು ಚೀಟಿಯ ಮೇಲೆ ಬರೆದು ಎದೆಗೆ ಹಿಡಿಯಬೇಕು. ಎರಡನೆಯ ತಿಂಗಳ ಹುಡುಗನಿಗೆ ಬಂದದ್ದು 8,400, ಆದ್ದರಿಂದ ಅವನಿಗೆ 880 ಕಡಿಮೆ. ಮೂರನೆಯವಳಿಗೆ 680 ಕಡಿಮೆ, ಮುಂದಿನವರಿಗೆ 480, 280, 80. ಏಳನೆಯ ತಿಂಗಳಲ್ಲಿ ಚಿಹ್ನೆ ತಿರುಗಿ 120 ಹೆಚ್ಚು, ಮುಂದೆ 320, 520, ಕೊನೆಯವಳಿಗೆ 720 ಹೆಚ್ಚು. ಮೊದಲ ತಿಂಗಳು ಎತ್ತಿದ ‘ಚೀಟಿಯಮ್ಮ’ನಿಗೂ 720 ಹೆಚ್ಚು. ಇವನ್ನೆಲ್ಲ ಕೂಡಿಸಲು ಹೇಳಿದೆ. ಕಳೆದುಕೊಂಡವರ ಒಟ್ಟು 2,400, ಪಡೆದವರ ಒಟ್ಟು 2,400. ಉತ್ತರ ಸೊನ್ನೆ. ಮುಂದಿನ ಬೆಂಚಿನ ಹುಡುಗನೊಬ್ಬ, “ಅಂದ್ರ ಚೀಟಿಯೊಳಗ ರೊಕ್ಕ ಹುಟ್ಟಂಗಿಲ್ರೀ, ಬರೇ ಕೈ ಬದಲಾಗ್ತದ” ಎಂದ. ಆರ್‌ಡಿಯಲ್ಲಿ ಬಡ್ಡಿ ಬರುವುದು ಬ್ಯಾಂಕು ಹೊರಗಿನವರಿಗೆ ಸಾಲ ಕೊಟ್ಟು ಗಳಿಸಿದ್ದರಿಂದ. ಚೀಟಿಯಲ್ಲಿ ಆ ಹೊರಗಿನವರು ಪಕ್ಕದ ಮನೆಯವರೇ. ಇಡೀ ಪಾಠದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಕ್ಷಣ ಇದು.

ಆದರೆ 720 ರೂಪಾಯಿ ಹೆಚ್ಚೋ ಕಡಿಮೆಯೋ? ಅದಕ್ಕೆ ಸಮಯವನ್ನೂ ಎಣಿಸಬೇಕು. ‘ರೂಪಾಯಿ-ತಿಂಗಳು’ ಎಂಬ ಅಳತೆ ಇಲ್ಲಿ ಸಹಾಯಕ್ಕೆ ಬಂತು. ಮೊದಲ ಕಂತಿನ 1,000 ಒಂಬತ್ತು ತಿಂಗಳು ಹೊರಗಿತ್ತು, ಅಂದರೆ 9,000 ರೂಪಾಯಿ-ತಿಂಗಳು. ಎರಡನೆಯ ಕಂತು 840, ಎಂಟು ತಿಂಗಳು, 6,720. ಹೀಗೆ ಕೂಡಿಸಿದರೆ ಕೊನೆಯ ಸದಸ್ಯೆಯದು 40,920. 720ನ್ನು ಇದರಿಂದ ಭಾಗಿಸಿದರೆ ನೂರಕ್ಕೆ ತಿಂಗಳಿಗೆ ಸುಮಾರು ಒಂದೂಮುಕ್ಕಾಲು, ಸರಳಬಡ್ಡಿಯಲ್ಲಿ ವರ್ಷಕ್ಕೆ 21. ಇದೇ ಕಂತುಗಳನ್ನು ಶೇಕಡಾ 6.5ರ ಆರ್‌ಡಿಗೆ ಹಾಕಿದ್ದರೆ ಬರುತ್ತಿದ್ದುದು ಸುಮಾರು 222 ರೂಪಾಯಿ. ಕಂತು ಪ್ರತಿ ತಿಂಗಳೂ ಒಂದೇ ಆಗಿದ್ದರೆ ಎಣಿಸುವುದು ಇನ್ನೂ ಸುಲಭ: ಕೊನೆಯ ಕಂತಿನ ಒಂದು ತಿಂಗಳ ನಂತರ ಮುಗಿಯುವ ಆರ್‌ಡಿಯಲ್ಲಿ ಮೊದಲ ಕಂತು ಹತ್ತು ತಿಂಗಳು, ಕೊನೆಯದು ಒಂದು ತಿಂಗಳು, 10 + 9 + … + 1 = 55. ಆರ್‌ಡಿ ಬಡ್ಡಿಯ ಸೂತ್ರದಲ್ಲಿರುವ n(n+1)/2 ಎಲ್ಲಿಂದ ಬಂತೆಂಬುದು ಮಕ್ಕಳಿಗೆ ಆಗ ಹೊಳೆಯಿತು. (ಬ್ಯಾಂಕು ಮತ್ತು ಅಂಚೆ ಕಚೇರಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕುವುದರಿಂದ ನಿಜವಾದ ಮೊತ್ತ ತುಸು ಬೇರೆಯಾಗುತ್ತದೆಂದು ಹೇಳಿದೆ.)

ಈಗ ಎರಡನೆಯ ತಿಂಗಳ ಹುಡುಗನ ಸರದಿ. ಅವನ ಕೈಯಲ್ಲಿ 8,400 ಎಂಟು ತಿಂಗಳು ಇತ್ತು, 67,200 ರೂಪಾಯಿ-ತಿಂಗಳು. ಅವನು ಕಟ್ಟಿದ ಕಂತುಗಳ 40,920 ಕಳೆದರೆ ಪರರ ಹಣವನ್ನು ಬಳಸಿದ್ದು 26,280. ಅದಕ್ಕೆ ತೆತ್ತದ್ದು 880, ಅಂದರೆ ನೂರಕ್ಕೆ ತಿಂಗಳಿಗೆ ಮೂರಕ್ಕಿಂತ ಹೆಚ್ಚು. ‘ನೂರಕ್ಕ ಮೂರು’ ಎಂಬ ಮಾತು ಮಕ್ಕಳಿಗೆ ಗೊತ್ತು. ಕೈಸಾಲ ಕೊಡುವವರ ದರ ಅದು. ವರ್ಷಕ್ಕೆ ಶೇಕಡಾ 40.

ಬಂಗಾರವನ್ನು ಈ ಜಾಗದಲ್ಲಿ ತಂದೆ, ಮೊದಲಲ್ಲ. ಚಿನ್ನದ ಬೆಲೆ 50,000ದ ಒಡವೆಗೆ ಶೇಕಡಾ 12 ಮಜೂರಿ 6,000, ಒಟ್ಟಿನ ಮೇಲೆ ಶೇಕಡಾ 3 ಜಿಎಸ್‌ಟಿ 1,680, ಕೊಡುವುದು 57,680 ಎಂದಿಟ್ಟುಕೊಳ್ಳೋಣ. ಮಾರುವಾಗ ಮಜೂರಿಯೂ ತೆರಿಗೆಯೂ ಮರಳುವುದಿಲ್ಲ, ಆದ್ದರಿಂದ ಚಿನ್ನದ ದರ ಶೇಕಡಾ 15ರಷ್ಟು ಏರಿದ ಮೇಲೆಯೇ ಅಸಲು. ಹಾಗೆಂದು ಬಂಗಾರ ಕೊಂಡವರು ದಡ್ಡರಲ್ಲ. ಅವಸರದಲ್ಲಿ ಚೀಟಿಯ ಎರಡನೆಯ ತಿಂಗಳನ್ನು ಎತ್ತುವ ಬದಲು ಅದೇ ಬಳೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟರೆ ಬಡ್ಡಿ ಶೇಕಡಾ 40ರ ಹತ್ತಿರಕ್ಕೂ ಹೋಗುವುದಿಲ್ಲ. ನಮ್ಮ ಕಡೆ ಬಂಗಾರದ ದೊಡ್ಡ ಉಪಯೋಗ ಅಡವು. ಹಾಲ್‌ಮಾರ್ಕ್ ಗುರುತೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿಯೂ ಇದ್ದರೆ ಶುದ್ಧತೆಯ ತಕರಾರು ಕಡಿಮೆ.

ಹಾಗಾದರೆ ಕೊನೆಯ ಸದಸ್ಯೆಗೆ 222ರ ಬದಲು 720 ಏಕೆ? ಅಪಾಯವನ್ನು ಹೊತ್ತದ್ದಕ್ಕೆ. ಬೇಗ ಎತ್ತಿದ ಒಬ್ಬರು ಕಂತು ನಿಲ್ಲಿಸಿ, ನಡೆಸುವವರು ಕೈಯಿಂದ ತುಂಬದಿದ್ದರೆ ಕೊನೆಯ ತಿಂಗಳು ಕೂಡುವುದು 9,000. ಅವಳು ಕಟ್ಟಿದ್ದು 9,280. ಹತ್ತರಲ್ಲಿ ಒಬ್ಬರೇ ನಿಂತರೂ 720ರ ಲಾಭ 280ರ ನಷ್ಟವಾಗುತ್ತದೆ. 1982ರ ಚಿಟ್ ಫಂಡ್ ಕಾಯ್ದೆ ಇದನ್ನು ತಡೆಯಲೆಂದೇ ಪೂರ್ವಾನುಮತಿ, ಬರೆದ ಕರಾರು, ನಡೆಸುವವರಿಂದ ಭದ್ರತಾ ಠೇವಣಿ ಕೇಳುತ್ತದೆ. 2019ರ ತಿದ್ದುಪಡಿ ಅವರ ಕಮಿಷನ್ನಿನ ಮಿತಿಯನ್ನು ಶೇಕಡಾ 5ರಿಂದ 7ಕ್ಕೆ ಏರಿಸಿತು. ಓಣಿಯ ಚೀಟಿಗೆ ಇದ್ಯಾವುದೂ ಇಲ್ಲ, ಪರಿಚಯವೊಂದೇ ಭದ್ರತೆ. ಇನ್ನೊಂದು ಕಡೆ, ಬ್ಯಾಂಕು ಮುಳುಗಿದರೂ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 5 ಲಕ್ಷದವರೆಗೆ ವಿಮೆ ಇದೆ. ಕೆಟ್ಟ ಚೀಟಿಯನ್ನು ಹೇಗೆ ಗುರುತಿಸುವುದು ಎಂದು ಒಬ್ಬಳು ಕೇಳಿದಳು. ಸವಾಲು ಎಲ್ಲರ ಎದುರು ಆಗುತ್ತಿದೆಯೇ, ಎತ್ತಿದವರ ಹೆಸರು, ಬಿಟ್ಟ ಮೊತ್ತ ಪುಸ್ತಕದಲ್ಲಿ ಬಿದ್ದಿದೆಯೇ, ನಡೆಸುವವರು ಒಂದರ ಹಣದಿಂದ ಇನ್ನೊಂದನ್ನು ತುಂಬುತ್ತಿದ್ದಾರೆಯೇ ಎಂದು ನೋಡಲು ಹೇಳಿದೆ. ಎತ್ತಿದವರ ಹಣ ‘ನಾಳೆ, ನಾಡಿದ್ದು’ ಎಂದು ಮುಂದಕ್ಕೆ ಹೋಗತೊಡಗಿದರೆ ಅದೇ ಮೊದಲ ಲಕ್ಷಣ.

ಎಸ್‌ಐಪಿಗೆ ಹತ್ತೇ ನಿಮಿಷ ಉಳಿದಿತ್ತು. ರೂಪಾಯಿ-ತಿಂಗಳಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ, ದರವೇ ಮೊದಲು ಗೊತ್ತಿರುವುದಿಲ್ಲ. ನಾಲ್ಕು ತಿಂಗಳು 1,000ದಂತೆ ಹಾಕಿದಾಗ ಯೂನಿಟ್ಟಿನ ಬೆಲೆ 20, 25, 16, 20 ಇದ್ದರೆ ಸಿಗುವುದು 50, 40, 62.5, 50, ಒಟ್ಟು 202.5 ಯೂನಿಟ್. 20ರ ಬೆಲೆಯಲ್ಲಿ ಅದು 4,050. ಮರು ತಿಂಗಳು ಬೆಲೆ 16ಕ್ಕೆ ಇಳಿದರೆ 3,240. ಶಾಲೆಯ ಫೀ ಕಟ್ಟುವುದು ಆ ತಿಂಗಳೇ ಆದರೆ ಎಂದು ಕೇಳಿ ಸುಮ್ಮನಾದೆ. “ಹಂಗಾರ ಫೀ ರೊಕ್ಕ ಅದರಾಗ ಹಾಕಬಾರ್ದ್ರೀ, ಹತ್ತು ವರ್ಷ ಬೇಕಾಗದಿದ್ದ ರೊಕ್ಕ ಹಾಕಬೇಕು” ಎಂದವನು ಚೀಟಿಯ ಎರಡನೆಯ ತಿಂಗಳ ಹುಡುಗನೇ. ಡಿಜಿಟಲ್ ಚಿನ್ನ ಸೆಬಿಯ ನಿಯಂತ್ರಣಕ್ಕೆ ಬರುವುದಿಲ್ಲ, ಮ್ಯೂಚುವಲ್ ಫಂಡ್ ಬರುತ್ತದೆ ಎಂಬುದನ್ನಷ್ಟೇ ಸೇರಿಸಿದೆ.

ಈ ಪಾಠ ಮಾಡುವವರಿಗೆ ಎರಡು ಸೂಚನೆ. ನಲವತ್ತು ನಿಮಿಷಕ್ಕೆ ಇದು ಹೆಚ್ಚಾಗುತ್ತದೆ. ರೂಪಾಯಿ-ತಿಂಗಳನ್ನು ಎರಡನೆಯ ಅವಧಿಗೆ ಇಡಿ. ಮನೆಯ ಚೀಟಿಯ ವಿವರ ತನ್ನಿ ಎಂದು ಮನೆಗೆಲಸ ಕೊಡಬೇಡಿ. ನಾನು ಕೊಟ್ಟಿದ್ದೆ. ಮರುದಿನ ಒಬ್ಬ ತಾಯಿ ಬಂದು, “ಯಾರಿಗೆ ಎಷ್ಟ್ ಕೊಡಾದದ ಅಂತ ಶಾಲಿಗ್ಯಾಕ್ರೀ ಬೇಕು?” ಎಂದು ಕೇಳಿದರು. ಕ್ಷಮೆ ಕೇಳಿದೆ. ಹೊರಡುವ ಮುಂಚೆ ಅವರು ಹಲಗೆಯ ಮೇಲೆ ಉಳಿದಿದ್ದ ಲೆಕ್ಕವನ್ನು ನೋಡಿ, ಮೂರನೆಯ ತಿಂಗಳು ಎತ್ತಿದವರಿಗೆ ಎಷ್ಟು ಬಿತ್ತೆಂದು ಕೇಳಿದರು. ಹೇಳಿದೆ. ಬೆರಳು ಮಡಿಸಿ ಮತ್ತೊಮ್ಮೆ ಎಣಿಸಿ ಹೋದರು.